ತೋರುವುದೂ ಸಿದ್ಧಿಸುವುದೂ

ಬೆಳಗಾವಿಯ ರಾಮತೀರ್ಥ ನಗರದಲ್ಲಿರುವ ನಮ್ಮ ಮನೆಗೆ ಸಂಜೆಯ ಹೊತ್ತು ಇಬ್ಬರು ಹೆಣ್ಣುಮಕ್ಕಳು ಓದಿಕೊಳ್ಳಲು ಬರುತ್ತಿದ್ದರು. ಹಿರಿಯಳು ನೆರೆಮನೆಯವಳು, ಕಿರಿಯಳು ಖಾನಾಪುರದ ಕಡೆಯಿಂದ ಬಂದು ತನ್ನ ಸೋದರಮಾವನ ಮನೆಯಲ್ಲಿದ್ದವಳು. ಇಬ್ಬರೂ ಬ್ಯಾಂಕಿನ ನೌಕರಿಯ ಪರೀಕ್ಷೆಗೆ ಸಿದ್ಧರಾಗುತ್ತಿದ್ದರು. ಆ ಪರೀಕ್ಷೆಯಲ್ಲಿ ಸಿಲಾಜಿಸಮ್ ಎಂಬ ಒಂದು ಬಗೆಯ ಪ್ರಶ್ನೆಯಿರುವುದನ್ನು ವಾಚಕರಲ್ಲಿ ಹಲವರು ತಮ್ಮ ಮಕ್ಕಳ ಪುಸ್ತಕಗಳಲ್ಲಿ ಕಂಡಿರಬಹುದು. ಎರಡು ಮೂರು ಹೇಳಿಕೆಗಳನ್ನು ಕೊಟ್ಟು, ಅವುಗಳಿಂದ ಯಾವ ನಿರ್ಣಯವು ಹೊರಡುವುದೆಂದು ಕೇಳುವರು. ತಪ್ಪು ಉತ್ತರಕ್ಕೆ ಕಾಲು ಅಂಕವನ್ನು ಕಳೆಯುವುದರಿಂದ ಊಹಿಸಿ ಬರೆಯುವುದು ನಷ್ಟದ ವ್ಯಾಪಾರವು.

ಒಂದು ದಿನ ನಾವೇ ಹತ್ತು ಪ್ರಶ್ನೆಗಳನ್ನು ರಚಿಸಿ ಅವರಿಗೆ ಕೊಟ್ಟೆವು. ಊರಿನ ಹೆಸರುಗಳಿದ್ದರೆ ಮಕ್ಕಳಿಗೆ ಸುಲಭವಾದೀತೆಂದು ಆರನೆಯ ಪ್ರಶ್ನೆಯನ್ನು ಹೀಗೆ ಬರೆದಿದ್ದೆವು: ರಾಮತೀರ್ಥ ನಗರದವರೆಲ್ಲರೂ ಬೆಳಗಾವಿಯವರು. ಬೆಳಗಾವಿಯವರಲ್ಲಿ ಕೆಲವರು ಮರಾಠಿ ಬಲ್ಲವರು. ಮೊದಲನೆಯ ನಿರ್ಣಯ: ರಾಮತೀರ್ಥ ನಗರದವರಲ್ಲಿ ಕೆಲವರು ಮರಾಠಿ ಬಲ್ಲವರು. ಎರಡನೆಯದು: ಮರಾಠಿ ಬಲ್ಲವರಲ್ಲಿ ಕೆಲವರು ಬೆಳಗಾವಿಯವರು. ಇವುಗಳಲ್ಲಿ ಯಾವುದು ಸಿದ್ಧಿಸುವುದು?

ಇಬ್ಬರೂ ‘ಎರಡೂ ಸಿದ್ಧಿಸುತ್ತವೆ’ ಎಂದು ಗುರುತು ಮಾಡಿದ್ದರು. ಎರಡನೆಯದು ಮಾತ್ರ ಸರಿಯಾದ ಉತ್ತರವು. ಪಕ್ಕಪಕ್ಕದಲ್ಲಿ ಕುಳಿತವರು ಒಂದೇ ತಪ್ಪನ್ನು ಮಾಡಿದುದನ್ನು ಕಂಡು ನಮಗೆ ಸಿಟ್ಟು ಬಂದಿತು. ಕಿರಿಯಳು ಬರೆಯುವಾಗ ಒಂದೆರಡು ಸಲ ತಲೆಯೆತ್ತಿದ್ದೂ ನೆನಪಾಯಿತು. ನೋಡಿ ಬರೆದೆಯೆಂದು ಅವಳನ್ನು ಗದರಿಸಿಬಿಟ್ಟೆವು.

“ಇಲ್ರಿ ಅಕ್ಕೋರ, ನಾ ನೋಡಿ ಬರದಿಲ್ರಿ” ಎಂದಳು. ಅವಳ ಕಣ್ಣು ತುಂಬಿದುವು. ನಾವು ಆ ಮಾತಿಗೆ ಕಿವಿಗೊಡದೆ ಪಾಠಕ್ಕೆ ತೊಡಗಿದೆವು.

ಕಾಗದದ ಮೇಲೆ ಒಂದು ದೊಡ್ಡ ವೃತ್ತವನ್ನು ಬರೆದು ಅದಕ್ಕೆ ಬೆಳಗಾವಿಯೆಂದು ಹೆಸರಿಟ್ಟೆವು. ಅದರೊಳಗೆ ಬಲಗಡೆಗೆ ಒಂದು ಚಿಕ್ಕ ವೃತ್ತವನ್ನು ಬರೆದೆವು. ಅದು ರಾಮತೀರ್ಥ ನಗರ. ಮರಾಠಿ ಬಲ್ಲವರ ಮೂರನೆಯ ವೃತ್ತವು ದೊಡ್ಡ ವೃತ್ತವನ್ನು ಎಲ್ಲಿಯಾದರೂ ಕತ್ತರಿಸಿದರೆ ಸಾಕು, ಎರಡನೆಯ ಹೇಳಿಕೆಯು ನಿಂತಂತಾಯಿತು. ಅದನ್ನು ಎಡಗಡೆಗೆ ಬರೆದೆವು. ಚಿಕ್ಕ ವೃತ್ತಕ್ಕೆ ಅದು ಸೋಂಕಲೇ ಇಲ್ಲ. ಎರಡು ಹೇಳಿಕೆಗಳಿಗೂ ಭಂಗವಿಲ್ಲ. ಮೊದಲನೆಯ ನಿರ್ಣಯವು ಮಾತ್ರ ಬಿದ್ದುಹೋಯಿತು. ಹೇಳಿಕೆಗಳನ್ನು ಉಳಿಸಿ ನಿರ್ಣಯವನ್ನು ಕೆಡಿಸುವ ಇಂತಹ ಒಂದೇ ಒಂದು ಚಿತ್ರವು ದೊರೆತರೂ ಆ ನಿರ್ಣಯವು ಸಿದ್ಧಿಸದೆಂದು ತಿಳಿಯತಕ್ಕದ್ದು. ಎರಡನೆಯ ನಿರ್ಣಯವನ್ನು ಕೆಡಿಸಲು ಹೇಗೆ ಬರೆದರೂ ಆಗದು. ವೃತ್ತಗಳೆರಡು ಒಂದನ್ನೊಂದು ಕತ್ತರಿಸಿದ ಮೇಲೆ ಯಾವ ಕಡೆಯಿಂದ ನೋಡಿದರೂ ಕತ್ತರಿಸಿಯೇ ಇರುವುವು. ಆಯ್ಲರ್ ಎಂಬ ಗಣಿತಜ್ಞನು ಜರ್ಮನಿಯ ಒಬ್ಬ ರಾಜಕುಮಾರಿಗೆ ಬರೆದ, 1768ರಿಂದ ಅಚ್ಚಾದ ಪತ್ರಗಳಲ್ಲಿ ಇಂತಹ ವೃತ್ತಗಳಿಂದಲೇ ತರ್ಕವನ್ನು ತಿಳಿಸಿದನು. ಆ ಪಾಠವೂ ಒಬ್ಬ ಹುಡುಗಿಗಾಗಿಯೇ ಆದುದು ನಮಗೆ ಸಂತೋಷದ ಸಂಗತಿ.

ಹಿರಿಯಳು ಒಪ್ಪಲಿಲ್ಲ. “ಅಕ್ಕೋರ, ನಮ್ಮ ಓಣ್ಯಾಗ ಮರಾಠಿ ಮಾತಾಡಾವ್ರು ಅದಾರಲ್ರಿ. ಖರೇ ಇದ್ದದ್ದು ತಪ್ಪು ಹೆಂಗ ಆಗ್ತೈತ್ರಿ?” ಎಂದಳು.

ತೊಡಕಿರುವುದು ಇಲ್ಲಿಯೇ. ಅವಳು ಹೇಳಿದುದು ನಿಜ. ಆದರೆ ಆ ನಿಜವು ಅವಳಿಗೆ ಓಣಿಯಿಂದ ತಿಳಿದುದೇ ಹೊರತು ಕೊಟ್ಟ ಎರಡು ಹೇಳಿಕೆಗಳಿಂದಲ್ಲ. ಹೇಳಿಕೆಗಳು ಲೋಕಾನುಭವಕ್ಕೆ ವಿರುದ್ಧವಾಗಿ ತೋರಿದರೂ ಅವುಗಳನ್ನು ಸತ್ಯವೆಂದೇ ಹಿಡಿದು ಉತ್ತರಿಸಬೇಕೆಂದು ಪರೀಕ್ಷೆಯವರು ಸೂಚನೆ ಕೊಡುವುದು ಇದಕ್ಕಾಗಿಯೇ. ನಾವು ಅದೇ ಅಚ್ಚಿನಲ್ಲಿ ಬೇರೆ ಮಾತುಗಳನ್ನು ಎರಕಹೊಯ್ದೆವು: ಹಸುಗಳೆಲ್ಲವೂ ಪ್ರಾಣಿಗಳು, ಪ್ರಾಣಿಗಳಲ್ಲಿ ಕೆಲವು ಹುಲಿಗಳು, ಆದುದರಿಂದ ಹಸುಗಳಲ್ಲಿ ಕೆಲವು ಹುಲಿಗಳು. ಖಾನಾಪುರದ ಕಾಡಿನಂಚಿನಲ್ಲಿ ದನ ಮೇಯಿಸುವವರು ಇದನ್ನು ಕೇಳಿದರೆ ಏನೆಂದಾರು? ಹುಡುಗಿಯರಿಬ್ಬರೂ ನಕ್ಕರು. ಅಚ್ಚು ಒಂದೇ, ಹುಲಿಯಿರುವಲ್ಲಿ ಮೋಸವು ಕಾಣುವುದು, ಮರಾಠಿಯಿರುವಲ್ಲಿ ಕಾಣದು. ಎರಡರಲ್ಲಿಯೂ ನಡುವೆ ನಿಂತು ಜೋಡಿಸಬೇಕಾದ ಪದವು, ಬೆಳಗಾವಿಯವರು ಅಥವಾ ಪ್ರಾಣಿಗಳು ಎಂಬುದು, ಒಮ್ಮೆಯೂ ಇಡಿಯಾಗಿ ಹಿಡಿಯಲ್ಪಟ್ಟಿಲ್ಲ. ಬೆಳಗಾವಿಯವರೆಲ್ಲರೂ ಮರಾಠಿ ಬಲ್ಲವರೆಂದು ಹೇಳಿದ್ದರೆ ನಿರ್ಣಯವು ತಪ್ಪದೆ ಸಿದ್ಧಿಸುತ್ತಿತ್ತು. ಕೆಲವರು ಎಂದಾಗ, ಯಾವ ಕೆಲವರು ಎಂಬುದು ತೆರೆದೇ ಉಳಿಯುವುದು.

ಆ ರಾತ್ರಿ ದೀಪವಾರಿಸಿದ ಮೇಲೆ ನಮಗೆ ನಿದ್ದೆ ಬರಲಿಲ್ಲ. ನೋಡಿ ಬರೆದವರೆಲ್ಲರ ಉತ್ತರಗಳು ಒಂದೇ ಆಗಿರುವುವು. ಇವರಿಬ್ಬರ ಉತ್ತರಗಳು ಒಂದೇ ಆಗಿವೆ. ಆದುದರಿಂದ ಇವರು ನೋಡಿ ಬರೆದವರು. ನಾವು ಮಾಡಿದ ತೀರ್ಮಾನವು ಇದಲ್ಲವೆ? ಒಂದೇ ಉತ್ತರ ಬರೆದವರ ದೊಡ್ಡ ವೃತ್ತ. ಅದರೊಳಗೆ ನೋಡಿ ಬರೆದವರ ಚಿಕ್ಕ ವೃತ್ತ. ಈ ಇಬ್ಬರು ದೊಡ್ಡದರಲ್ಲಿ ಇರುವರೆಂಬುದಷ್ಟೇ ಗೊತ್ತು. ಹಗಲೆಲ್ಲ ಹುಡುಗಿಯರಿಗೆ ತೋರಿಸಿದ ಕುಣಿಗೆ ನಾವು ಅವರಿಗಿಂತ ಮೊದಲೇ ಬಿದ್ದಿದ್ದೆವು. ಯೋಬನ ಸ್ನೇಹಿತರಾದ ಎಲೀಫಜ, ಬಿಲ್ದದ, ಚೋಫರರು ಮಾಡಿದುದೂ ಇದನ್ನೇ ಅಲ್ಲವೆ? ಪಾಪಿಗಳು ಕಷ್ಟಪಡುವರು, ಯೋಬನು ಕಷ್ಟಪಡುತ್ತಿದ್ದಾನೆ, ಆದುದರಿಂದ ಅವನು ಪಾಪಿ. ಶಾಲೆಯಲ್ಲಿ ಆ ಅಧ್ಯಾಯಗಳನ್ನು ಓದುವಾಗ ಆ ಮೂವರ ಮೇಲೆ ನಾವು ಎಷ್ಟು ಕೋಪಗೊಂಡಿದ್ದೆವು!

ಆ ತಪ್ಪು ಉತ್ತರವಾದರೂ ಅಪರೂಪದ್ದಲ್ಲ. 1983ರಲ್ಲಿ ಇಂಗ್ಲೆಂಡಿನ ಇವಾನ್ಸ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಇಬ್ಬರು ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಸಿದ್ಧಿಸದಿದ್ದರೂ ನಂಬಲು ತಕ್ಕವಾಗಿ ತೋರುವ ನಿರ್ಣಯಗಳನ್ನು ನೂರಕ್ಕೆ 71ರಷ್ಟು ಸಲ ಜನರು ಒಪ್ಪಿದರು. ಸಿದ್ಧಿಸದೆ ನಂಬಲೂ ಆಗದವುಗಳನ್ನು ಒಪ್ಪಿದುದು ನೂರಕ್ಕೆ 10 ಸಲ ಮಾತ್ರ. ಹಾಗಿರಲು ನಮ್ಮ ಆರನೆಯ ಪ್ರಶ್ನೆಯಲ್ಲಿ ಇಬ್ಬರು ಒಂದೇ ಕಡೆ ಜಾರಿದುದರಲ್ಲಿ ಏನು ಆಶ್ಚರ್ಯ? ಅವರಲ್ಲಿ ಒಬ್ಬಳು ಮಾತ್ರ ಜಾರಿದ್ದರೆ ಅದೇ ವಿಶೇಷವಾಗುತ್ತಿತ್ತು. ನಕಲನ್ನು ಹಿಡಿಯಬೇಕಾದರೆ ಯಾರೂ ಮಾಡದ ವಿಚಿತ್ರವಾದ ತಪ್ಪು ಎರಡು ಕಡೆಯೂ ಬಂದಿದೆಯೇ ಎಂದು ನೋಡಬೇಕು. ಎದ್ದು ಮತ್ತೆ ದೀಪ ಹಾಕಿ ಇಬ್ಬರ ಹಾಳೆಗಳನ್ನೂ ಹತ್ತನೆಯ ಪ್ರಶ್ನೆಯವರೆಗೆ ಜೋಡಿಸಿ ನೋಡಿದೆವು. ಹಿರಿಯಳು ನಾಲ್ಕನೆಯದರಲ್ಲಿ ತಪ್ಪಿದ್ದಳು, ಕಿರಿಯಳು ಅದನ್ನು ಸರಿಯಾಗಿ ಬರೆದಿದ್ದಳು; ಒಂಬತ್ತನೆಯದರಲ್ಲಿ ಇದು ತಿರುವುಮುರುವು. ಆರನೆಯದರ ಹೊರತು ತಪ್ಪಿನಲ್ಲಿ ಹೊಂದಿಕೆಯೇ ಇರಲಿಲ್ಲ. ಈ ಕೆಲಸವನ್ನು ಗದರಿಸುವುದಕ್ಕೆ ಮೊದಲೇ ಮಾಡಬಹುದಾಗಿತ್ತು. ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ.

ಮರುದಿನ ಸಂಜೆ ಕಿರಿಯಳು ಬರುವಳೋ ಇಲ್ಲವೋ ಎಂದು ಬಾಗಿಲಲ್ಲಿಯೇ ನಿಂತಿದ್ದೆವು. ಬಂದಳು, ಆದರೆ ಚಾಪೆಯ ಬೇರೆ ಮೂಲೆಯಲ್ಲಿ, ಹಿರಿಯಳಿಗೆ ಬೆನ್ನುಮಾಡಿ ಕುಳಿತಳು. ನಾವು ಅದೇ ಕಾಗದವನ್ನು ತಿರುವಿ ನಮ್ಮ ತೀರ್ಮಾನವನ್ನು ಮೂರು ವಾಕ್ಯಗಳಲ್ಲಿ ಬರೆದು, ಇದು ಸಿದ್ಧಿಸುವುದೋ ಎಂದು ಅವಳನ್ನೇ ಕೇಳಿದೆವು. ಅವಳು ಪೆನ್ಸಿಲು ತೆಗೆದುಕೊಂಡು ದೊಡ್ಡ ವೃತ್ತವನ್ನೂ ಚಿಕ್ಕ ವೃತ್ತವನ್ನೂ ಬರೆದು, ಚಿಕ್ಕದರ ಹೊರಗೆ ಎರಡು ಚುಕ್ಕೆಗಳನ್ನಿಟ್ಟಳು. ಬಹಳ ಹೊತ್ತು ಸುಮ್ಮನಿದ್ದು, “ಸಿದ್ಧಿಸೂದಿಲ್ರಿ. ಹಂಗಾದ್ರ ನಾ ನೋಡಿ ಬರದಿಲ್ಲ ಅಂತ ಸಿದ್ಧ ಆತೇನ್ರಿ?” ಎಂದು ಕೇಳಿದಳು.

ಹೌದೆನ್ನಲು ನಮ್ಮ ನಾಲಿಗೆಯು ತವಕಿಸಿತು. ಆದರೆ ಪಾಠವು ಪಾಠವೇ. ಒಂದು ನಿರ್ಣಯವು ಸಿದ್ಧಿಸಲಿಲ್ಲವೆಂದರೆ ಅದರ ವಿರುದ್ಧವು ಸಿದ್ಧಿಸಿತೆಂದಲ್ಲ. ಚುಕ್ಕೆಗಳನ್ನು ಚಿಕ್ಕ ವೃತ್ತದೊಳಗೆ ಇಟ್ಟರೂ ಹೇಳಿಕೆಗಳು ಕೆಡುವುದಿಲ್ಲ.

“ಇಲ್ಲ ಯವ್ವಾ, ಅದೂ ಸಿದ್ಧ ಆಗಲಿಲ್ಲ. ನೀನು ನಿನ್ನೆಯೇ ಹೇಳಿದೆಯಲ್ಲ, ಆ ಮಾತನ್ನು ನಾವು ನಂಬಿದೆವು” ಎಂದೆವು.

ಅವಳು ಚುಕ್ಕೆಗಳನ್ನು ಇದ್ದಲ್ಲಿಯೇ ಬಿಟ್ಟು ಚಾಪೆಯನ್ನು ಹಿರಿಯಳ ಪಕ್ಕಕ್ಕೆ ಎಳೆದುಕೊಂಡಳು.