ಲ್ಯಾಬ್ ಡೈರಿ, ಭಾಗ 4: ಕಣ್ಣು ಮುಚ್ಚಿ ಹತ್ತು ಸೆಕೆಂಡ್

ಹೋದ ಸೆಮಿಸ್ಟರ್‌ನ ಟೈಟ್ರೇಶನ್ ಲ್ಯಾಬ್. ಪಕ್ಕದ ಬೆಂಚಿನವಳು ಬ್ಯುರೆಟ್‌ಗೆ ಸೋಡಿಯಂ ಹೈಡ್ರಾಕ್ಸೈಡ್ ತುಂಬ್ತಾ ಇದ್ಲು. ಬ್ಯುರೆಟ್ ಕೆಳಗಿಳಿಸಿಕೊಂಡಿರಲಿಲ್ಲ, ಗಾಗಲ್ಸ್ ತಲೆ ಮೇಲಿತ್ತು. ಫನಲ್ ಜಾರಿ ದ್ರಾವಣ ಸೀದಾ ಬಲಗಣ್ಣಿಗೆ ಸಿಡೀತು.

ಯಾರೋ ಒಬ್ಬರು "ಬೋರಿಕ್ ಆಸಿಡ್ ತನ್ರೋ, ನ್ಯೂಟ್ರಲ್ ಆಗುತ್ತೆ" ಅಂದ್ರು. ಬೀಕರ್‌ನಲ್ಲಿ ಸರಿ, ಕಣ್ಣಲ್ಲಿ ಅಲ್ಲ. ಅದನ್ನ ಹುಡುಕೋ ಹೊತ್ತಲ್ಲಿ ಕಣ್ಣು ಇನ್ನಷ್ಟು ಸುಡುತ್ತೆ, ಜೊತೆಗೆ ಆ ರಿಯಾಕ್ಷನ್ನೇ ಬಿಸಿ ಹುಟ್ಟಿಸುತ್ತೆ. ಕಣ್ಣಿಗೆ ಬೇಕಾದ್ದು ನೀರು, ಬರೀ ನೀರು.

ನಮ್ಮ ಐವಾಶ್ ಇದ್ದದ್ದು ಕಾರಿಡಾರ್ ಕೊನೇಲಿ. ಒಂದು ಬಾಗಿಲು ಎಳೀಬೇಕು, ಎರಡು ಮೆಟ್ಟಿಲು ಇಳೀಬೇಕು. ಅವಳಿಗೆ ಕಣ್ಣು ಬಿಡೋಕೇ ಆಗ್ತಿಲ್ಲ. ಕೈ ಹಿಡಿದು ಕರ್ಕೊಂಡು ಹೋದೆ. ಹ್ಯಾಂಡಲ್ ಒತ್ತಿದ್ರೆ ಮೊದಲು ಬಂದದ್ದು ಕಂದು ನೀರು! ತಿಂಗಳುಗಟ್ಟಲೆ ಯಾರೂ ಬಿಟ್ಟೇ ಇರಲಿಲ್ಲ. ಕೊನೆಗೆ ಪಕ್ಕದ ಸಿಂಕಿನ ನಲ್ಲಿ ಸಣ್ಣಗೆ ಬಿಟ್ಟು, ಸುಟ್ಟ ಕಣ್ಣು ಕೆಳಗೆ ಬರೋ ಹಾಗೆ ತಲೆ ವಾಲಿಸಿದೆ. ಇಲ್ಲದಿದ್ರೆ ಆ ನೀರು ಒಳ್ಳೇ ಕಣ್ಣಿಗೂ ಹರಿಯುತ್ತೆ. ರೆಪ್ಪೆ ತಾನಾಗೇ ಮುಚ್ಚಿಕೊಳ್ಳುತ್ತಲ್ಲ, ಬೆರಳಲ್ಲಿ ಬಿಡಿಸಿ ಹಿಡಿದೆ. ಕಣ್ಣುಗುಡ್ಡೆ ನಾಲ್ಕೂ ಕಡೆ ತಿರುಗಿಸು ಅಂದೆ.

ನಾಲ್ಕು ನಿಮಿಷಕ್ಕೆ "ಉರಿ ಕಮ್ಮಿ ಆಯ್ತು, ಸಾಕು ಬಿಡೇ" ಅಂದ್ಲು. ಬಿಡಲಿಲ್ಲ. ಉರಿ ಇಳಿದ ಮಾತ್ರಕ್ಕೆ ರಾಸಾಯನಿಕ ಹೋಯ್ತು ಅಂತಲ್ಲ. ಕ್ಷಾರ ಕಣ್ಣಿನ ಮೇಲ್ಪದರದ ಕೊಬ್ಬನ್ನ ಸಾಬೂನಿನ ಹಾಗೆ ಕರಗಿಸ್ಕೊಂಡು ಒಳಗಿಳಿಯುತ್ತೆ. ಅದಕ್ಕೇ ಸಾಮಾನ್ಯವಾಗಿ ಆಸಿಡ್‌ಗಿಂತ ಅದು ಅಪಾಯ. ಕಮ್ಮಿ ಅಂದ್ರೂ 15 ನಿಮಿಷ ತೊಳೀಬೇಕು, ಕ್ಷಾರ ಆದ್ರೆ ಇನ್ನೂ ಜಾಸ್ತಿ. ಆಮೇಲೆ ಸೀದಾ ಆಸ್ಪತ್ರೆಗೆ. ಅಲ್ಲಿ ಡಾಕ್ಟರ್ pH ಪೇಪರ್ ಮುಟ್ಟಿಸಿ ನೋಡಿ, ಮತ್ತೆ ತೊಳೆದ್ರು. ಕಣ್ಣು ಉಳೀತು.

ಈಗ ಐವಾಶ್ ಲ್ಯಾಬ್ ಒಳಗೇ ಬರ್ತಿದೆ. ಅಮೆರಿಕದ ANSI ಮಾನದಂಡದ ಪ್ರಕಾರ ಅಪಾಯದ ಜಾಗದಿಂದ 10 ಸೆಕೆಂಡ್ ನಡಿಗೆ, ಅಂದ್ರೆ ಸುಮಾರು 17 ಮೀಟರ್. ಅದೇ ಮಹಡಿ, ದಾರೀಲಿ ಅಡ್ಡ ಏನೂ ಇರಬಾರದು. ಬಲವಾದ ಆಸಿಡ್, ಕ್ಷಾರ ಬಳಸೋ ಕಡೆ ತೀರಾ ಪಕ್ಕದಲ್ಲೇ. ಮೈ ಮೇಲೆ ಚೆಲ್ಲಿದ್ರೆ ಬೇಕಾಗೋ ಶವರ್‌ಗೂ ಇದೇ ಲೆಕ್ಕ. ಶವರ್ ಕೆಳಗೆ ನಿಂತೇ ನೆನೆದ ಬಟ್ಟೆ ತೆಗೀಬೇಕು, ಆಗ ನಾಚಿಕೆಗೆ ಟೈಮ್ ಇಲ್ಲ.

ಮೊದಲು ಗುರುತು ಹಾಕಿದ ಜಾಗದ ಪಕ್ಕದಲ್ಲೇ ಸ್ವಿಚ್ ಬೋರ್ಡ್ ಇತ್ತು. ಒದ್ದೆ ನೆಲ, ಒದ್ದೆ ಕೈ, ಪಕ್ಕದಲ್ಲಿ ಪ್ಲಗ್! ಕಣ್ಣು ತೊಳೆಯೋಕೆ ಹೋದವರಿಗೇ ಶಾಕ್ ಹೊಡೆದ್ರೆ? ಹಾಗೇನಾದ್ರೂ ಆದ್ರೆ ಅವರನ್ನ ಮುಟ್ಟೋ ಮುಂಚೆ ಮೇನ್ ಆಫ್ ಮಾಡ್ಬೇಕು, ಇಲ್ಲಾಂದ್ರೆ ನಿಮಗೂ ಹೊಡೆಯುತ್ತೆ. ಹೇಳಿ ಜಾಗ ಬದಲಾಯಿಸಿದ್ವಿ. ವಾರಕ್ಕೊಮ್ಮೆ ನೀರು ಬಿಟ್ಟು ನೋಡೋ ಪಾಳಿ ನಮ್ಮ ಬ್ಯಾಚ್‌ದು.

ನಾಳೆ ನಿಮ್ಮ ಲ್ಯಾಬಲ್ಲಿ ಒಂದು ಕೆಲಸ ಮಾಡಿ. ಫ್ರೆಂಡ್ ಪಕ್ಕದಲ್ಲಿರಲಿ. ಕಣ್ಣು ಮುಚ್ಚಿ ನಿಮ್ಮ ಬೆಂಚಿಂದ ಐವಾಶ್‌ವರೆಗೆ ನಡೀರಿ, ಸೆಕೆಂಡ್ ಎಣಿಸಿ. ಎಷ್ಟಾಯ್ತು ಅಂತ ಕಾಮೆಂಟಲ್ಲಿ ಹೇಳಿ.

#ಲ್ಯಾಬ್‌ಡೈರಿ