ಐದನೇ ಮನೆ

ಯಾದಗಿರಿ ಜಿಲ್ಲೆಯ ಹತ್ತು ಊರುಗಳಲ್ಲಿ ಗುಳೆ ಹೋಗಿ ಬರುವ ಕುಟುಂಬಗಳನ್ನು ಮಾತನಾಡಿಸುವ ಸಮೀಕ್ಷೆ ಅದು. ಯಾವ ಮನೆಯವರು ಗುಳೆ ಹೋಗುತ್ತಾರೆ ಎಂಬ ಪಟ್ಟಿ ನಮ್ಮ ಕೈಯಲ್ಲಿ ಇರಲಿಲ್ಲ. ಹಾಗಾಗಿ ಊರಿನ ಮನೆಗಳಿಗೆಲ್ಲ ನಂಬರ್ ಕೊಟ್ಟು, ಚೀಟಿ ಎತ್ತಿದ ಹಾಗೆ ಆ ನಂಬರುಗಳನ್ನು ಕಲಸಿ, ಬಂದ ಕ್ರಮದಲ್ಲಿ ಬಾಗಿಲು ತಟ್ಟುತ್ತಾ ಹೋಗಬೇಕಿತ್ತು. ಕಳೆದ ಸುಗ್ಗಿಯ ನಂತರ ಯಾರಾದರೂ ದುಡಿಯಲು ಹೊರಗೆ ಹೋಗಿ, ಮುಂಗಾರಿಗೆ ತಿರುಗಿ ಬಂದಿದ್ದರೆ ಅದು ಗುಳೆ ಮನೆ. ಅಂಥ ಐದನೇ ಮನೆ ಸಿಕ್ಕೊಡನೆ ಆ ಊರಿನ ಕೆಲಸ ಮುಗಿಯಿತು.

ಎಷ್ಟು ಬಾಗಿಲು ತಟ್ಟಬೇಕಾಗುತ್ತದೆ ಎಂದು ಅಂದಾಜು ಮಾಡುವುದು ನನ್ನ ಜವಾಬ್ದಾರಿ. ಮೊದಲೇ ಸುತ್ತಾಡಿ ಬಂದವರ ಮಾತಿನ ಮೇಲೆ ಐದು ಮನೆಗೆ ಒಂದು ಗುಳೆ ಮನೆ ಎಂದು ಹಿಡಿದೆ. ಅಂದರೆ ಸಂಭವನೀಯತೆ 0.2. ಒಂದು ಮನೆ ಸಿಗಲು ಸರಾಸರಿ 1/0.2, ಅಂದರೆ ಐದು ಬಾಗಿಲು. ಐದು ಮನೆ ಸಿಗಲು ಅದರ ಐದು ಪಟ್ಟು, 25. ಎಂ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು. ಇದು ನೆಗೆಟಿವ್ ಬೈನಾಮಿಯಲ್ ಹಂಚಿಕೆ ಎಂಬುದು ಗೊತ್ತಿತ್ತು, ಸರಾಸರಿಯ ಸೂತ್ರವೂ ಬಾಯಲ್ಲೇ ಇತ್ತು. ಊರಿಗೆ 25 ಮನೆ ಎಂದು ಬಜೆಟ್ ಹಾಕಿದೆ. ಅದರಾಚೆಗೆ ಹೋದವರು ಯಾಕೆ ಹೋದೆವು ಎಂದು ಬರೆದುಕೊಡಬೇಕು ಎಂಬ ನಿಯಮವನ್ನೂ ಸೇರಿಸಿದೆ. ಎಲ್ಲಕ್ಕಿಂತ ಕೆಟ್ಟ ಕೆಲಸ ಅದು.

ವೇರಿಯನ್ಸ್ ಲೆಕ್ಕ ಹಾಕಿದ್ದರೆ ಆ ನಿಯಮ ಬರೆಯಲು ಕೈ ಬರುತ್ತಿರಲಿಲ್ಲ. ಒಂದು ಗುಳೆ ಮನೆಗಾಗಿ ಕಾಯುವುದನ್ನು ಮಾತ್ರ ನೋಡಿ. ಮೊದಲ ಬಾಗಿಲಲ್ಲೇ ಸಿಗಬಹುದು, ಹದಿನೈದು ಬಾಗಿಲು ತಟ್ಟಿದರೂ ಸಿಗದಿರಬಹುದು. ಈ ಕಾಯುವಿಕೆಯ ವೇರಿಯನ್ಸ್ (1 - p)/p², ಅಂದರೆ 0.8/0.04 = 20. ಐದನೇ ಮನೆಯ ತನಕ ಇಂಥ ಐದು ಕಾಯುವಿಕೆಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದ ಕಾರಣ ವೇರಿಯನ್ಸ್‌ಗಳು ಕೂಡುತ್ತವೆ: 5 × 20 = 100. ಅದರ ವರ್ಗಮೂಲ, ಅಂದರೆ ಮಾನಕ ವಿಚಲನೆ, 10. ಸರಾಸರಿ 25, ಆಚೀಚೆ ಹತ್ತು. 25 ಬಾಗಿಲಲ್ಲಿ ಐದು ಮನೆ ಸಿಗದೇ ಉಳಿಯುವ ಸಂಭವನೀಯತೆ 0.42. ಹತ್ತು ಊರುಗಳೂ ನನ್ನ ಬಜೆಟ್ಟಿನೊಳಗೆ ಮುಗಿಯುವ ಸಂಭವನೀಯತೆ ಎಂದರೆ 0.58ನ್ನು ಅದರಿಂದಲೇ ಹತ್ತು ಸಲ ಗುಣಿಸಬೇಕು, ಸಾವಿರಕ್ಕೆ ನಾಲ್ಕು. ನೂರಕ್ಕೆ 95 ಊರುಗಳಾದರೂ ಸುಸೂತ್ರವಾಗಿ ಮುಗಿಯಬೇಕಿದ್ದರೆ ಮಿತಿ 44 ಇರಬೇಕಿತ್ತು. ಆರ್ ಭಾಷೆಯಲ್ಲಿ ಒಂದೇ ಸಾಲು:

```
qnbinom(0.95, size = 5, prob = 0.2) + 5
```

ಕೊನೆಯ ಆ ಐದನ್ನು ಮರೆಯಬಾರದು. ಆರ್ ಎಣಿಸುವುದು ಐದನೇ ಗೆಲುವಿನ ಮೊದಲು ಬಂದ ಸೋಲುಗಳನ್ನಷ್ಟೇ, ಒಟ್ಟು ಪ್ರಯತ್ನಗಳನ್ನಲ್ಲ. ಅದರ ಲೆಕ್ಕದಲ್ಲಿ ಸರಾಸರಿ 20. ವೇರಿಯನ್ಸ್ ಮಾತ್ರ ಅದೇ 100, ಏಕೆಂದರೆ ಸ್ಥಿರವಾದ ಐದನ್ನು ಕೂಡಿಸಿದರೆ ಹರವು ಬದಲಾಗುವುದಿಲ್ಲ.

ಕೆಲಸ ಶುರುವಾದ ಮೇಲೆ ಒಂದು ಸಂಜೆ ಸಮೀಕ್ಷಕಿಯೊಬ್ಬಳು ಫೋನ್ ಮಾಡಿದಳು. "ಮೇಡಂ ರೀ, ಇಪ್ಪತ್ತು ಮನಿ ಮುಗದಾವ. ಎರಡೇ ಸಿಕ್ಕಾವ್ರಿ."

"ಇನ್ನೇನು ಐದು ಮನೆ ಉಳೀತಲ್ಲಮ್ಮ, ಮುಗಿಸಿಬಿಡಿ," ಎಂದೆ.

"ಐದ್ರಾಗ ಮೂರು ಸಿಗ್ತಾವೇನ್ರಿ?"

"ನೋಡಿ, ಸಿಗುತ್ತೆ."

ಅವಳ ಪ್ರಶ್ನೆಯೇ ಸರಿಯಾದ ಲೆಕ್ಕ. ಐದು ಬಾಗಿಲಲ್ಲಿ ಮೂರು ಗುಳೆ ಮನೆ ಸಿಗುವ ಸಂಭವನೀಯತೆ ನೂರಕ್ಕೆ ಆರು ಸಹ ಇಲ್ಲ. ತಟ್ಟಿದ ಇಪ್ಪತ್ತು ಬಾಗಿಲುಗಳು ಮುಂದಿನ ಬಾಗಿಲಿಗೆ ಏನೂ ಹೇಳಿ ಕಳಿಸುವುದಿಲ್ಲ. ಉಳಿದಿರುವುದು ಮೂರು ಮನೆ. ಒಂದೊಂದಕ್ಕೆ ಸರಾಸರಿ ಐದು ಬಾಗಿಲು. ಆದ್ದರಿಂದ ಆ ಸಂಜೆಯಿಂದ ಇನ್ನೂ ಸರಾಸರಿ ಹದಿನೈದು, ಆಚೀಚೆ ಎಂಟು. 25 ಎಂಬುದು ಮೊದಲ ಬಾಗಿಲಿನ ಮುಂದೆ ನಿಂತಾಗ ಹೇಳಬಹುದಾದ ಸರಾಸರಿ, ಅಷ್ಟೇ. ಅರ್ಧ ದಾರಿಯಲ್ಲಿ ಅದರಿಂದ ಕಳೆಯುತ್ತಾ ಹೋಗುವಂತಿಲ್ಲ. ಇದನ್ನು ನಾನು ವಿದ್ಯಾರ್ಥಿಗಳಿಗೆ ಪಾಠವಾಗಿ ಹೇಳಿದವಳು. ಆದರೆ ಬಜೆಟ್ ಶೀಟ್ ಮುಂದಿಟ್ಟುಕೊಂಡಾಗ 25ರಲ್ಲಿ 20 ಕಳೆದು ಐದು ಎಂದೇ ಬಾಯಿಗೆ ಬಂತು. ಮರುದಿನ ಆ ಊರು ಸರಿಯಾಗಿ 25ಕ್ಕೆ ಮುಗಿದ ವರದಿ ಬಂದಾಗ ಅವಳನ್ನು ಹೊಗಳಿದೆ ಕೂಡ.

ಹತ್ತೂ ಊರುಗಳ ಅಂಕಿ ಬಂದ ಮೇಲೆ ಪರೀಕ್ಷಿಸಿದೆ. ಸರಾಸರಿ 24.9, ವೇರಿಯನ್ಸ್ 102. ಸಿದ್ಧಾಂತದ 25 ಮತ್ತು 100ಕ್ಕೆ ಇದಕ್ಕಿಂತ ಹತ್ತಿರ ಬರುವುದು ಕಷ್ಟ. ವರದಿಯಲ್ಲಿ ಅದನ್ನು ಹೆಮ್ಮೆಯಿಂದಲೇ ಬರೆದೆ. ಡೇಟಾ ಎಂಟ್ರಿಗೆ ಬಂದಿದ್ದ ಹುಡುಗ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಬರೆದು ನನ್ನ ಮುಂದೆ ಇಟ್ಟ: 12, 14, 17, 18, 25, 25, 25, 33, 39, 41. "ಮೇಡಂ, ಮೂರು ಊರಿಗೆ ಇಪ್ಪತ್ತೈದೇ ಯಾಕೆ?"

ಸರಾಸರಿ 25 ಇದ್ದರೆ 25 ಹೆಚ್ಚು ಸಲ ಬರುವುದು ಸಹಜ ಅನ್ನಿಸುತ್ತದೆ. ಹಾಗಲ್ಲ. ಐದನೇ ಮನೆ ಕರಾರುವಾಕ್ಕಾಗಿ 25ನೇ ಬಾಗಿಲಲ್ಲಿ ಸಿಗಬೇಕಿದ್ದರೆ ಹಿಂದಿನ 24ರಲ್ಲಿ ನಾಲ್ಕು ಸಿಕ್ಕಿರಬೇಕು, 25ನೆಯದು ಸಿಗಬೇಕು. ಆ ನಾಲ್ಕು ಯಾವ್ಯಾವ ಸ್ಥಾನದಲ್ಲಿ ಬರಬಹುದು ಎಂಬುದಕ್ಕೆ 10,626 ದಾರಿಗಳಿವೆ. ಅದನ್ನು 0.2ರ ಐದನೇ ಘಾತ, 0.8ರ ಇಪ್ಪತ್ತನೇ ಘಾತಗಳಿಂದ ಗುಣಿಸಿದರೆ 0.039. ಅತಿ ಹೆಚ್ಚು ಸಂಭವನೀಯವಾದ 20 ಮತ್ತು 21ಕ್ಕೂ 0.044 ಮಾತ್ರ. ಯಾವ ಅಂಕಿಗೂ ಈ ಹಂಚಿಕೆಯಲ್ಲಿ ದೊಡ್ಡ ಪಾಲಿಲ್ಲ. ಹತ್ತು ಊರುಗಳಲ್ಲಿ ಮೂರು ಅಥವಾ ಹೆಚ್ಚು 25 ಬರುವುದು ಸಾವಿರಕ್ಕೆ ಆರು ಸಲ. ಹತ್ತು ಅಂಕಿಗಳ ಸರಾಸರಿ, ವೇರಿಯನ್ಸ್ ಎರಡೂ ನನಗೆ ಬೇಕಾದ ಹಾಗೆ ಬಂದದ್ದರಿಂದ ಅಂಕಿಗಳನ್ನೇ ನಾನು ನೋಡಿರಲಿಲ್ಲ.

ಆ ಮೂರೂ ಊರುಗಳಿಗೆ ಹೋದೆ. ಒಂದರಲ್ಲಿ ಐದನೇ ಮನೆಯ ಮಗ ಬೆಂಗಳೂರಿನಲ್ಲಿ ತಿಂಗಳ ಸಂಬಳದ ಕೆಲಸದಲ್ಲಿದ್ದ, ಹಬ್ಬಕ್ಕೆ ಬಂದುಹೋಗುತ್ತಿದ್ದ. ಇನ್ನೊಂದರಲ್ಲಿ ಗುಳೆ ಹೋಗಿದ್ದು ಹಲವು ವರ್ಷಗಳ ಹಿಂದೆ. ಮೂರನೆಯದರಲ್ಲಿ ಪಕ್ಕದ ಮನೆಯವರನ್ನು ಎಳೆದು ತಂದಿದ್ದರು. ಸುಳ್ಳು ಎನ್ನುವುದಕ್ಕಿಂತ, 25ಕ್ಕೆ ಮುಗಿಸಲು ವ್ಯಾಖ್ಯೆಯನ್ನು ಹಿಗ್ಗಿಸಿದ್ದರು ಎನ್ನಬೇಕು. ಹಿಗ್ಗಿಸಲು ಕಾರಣ ಕೊಟ್ಟವಳು ನಾನು. ಕಲಸಿದ ಪಟ್ಟಿ ಇನ್ನೂ ಇತ್ತು. ತಪ್ಪು ಮನೆಗಳನ್ನು ಹೊಡೆದುಹಾಕಿ, ನಿಲ್ಲಿಸಿದ ಕಡೆಯಿಂದ ಬಾಗಿಲು ತಟ್ಟುತ್ತಾ ಮುಂದುವರಿದೆವು. ನಿಜವಾದ ಐದನೇ ಮನೆ ಸಿಕ್ಕಿದ್ದು 31, 36 ಮತ್ತು 52ನೇ ಬಾಗಿಲಲ್ಲಿ. ಫೋನ್ ಮಾಡಿದವಳ ಊರು 36ರದ್ದು.

ಈಗ ಸರಾಸರಿ 29.3, ವೇರಿಯನ್ಸ್ 180. ಸರಾಸರಿ ಅಷ್ಟೇನೂ ದೂರ ಸರಿದಿಲ್ಲ. ವೇರಿಯನ್ಸ್ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಹತ್ತೇ ಅಂಕಿಗಳಿಂದ ತೆಗೆದ ವೇರಿಯನ್ಸ್ ತಾನೇ ತೂಗಾಡುತ್ತದೆ ಎಂಬುದು ನಿಜ, ಆದರೂ ಸುಮ್ಮನೆ ಬಿಡುವಂತಿರಲಿಲ್ಲ. ಊರುಗಳ ನಕ್ಷೆ ತೆಗೆದು ನೋಡಿದರೆ 12, 14, 17, 18ರಲ್ಲಿ ಮುಗಿದ ನಾಲ್ಕೂ ಊರುಗಳಿಗೆ ದೊಡ್ಡ ತಾಂಡಾ ಸೇರಿತ್ತು. ಗುಳೆ ಹೋಗುವವರು ಅಲ್ಲಿ ಹೆಚ್ಚು. ಉಳಿದ ಆರು ಊರುಗಳಲ್ಲಿ ತಾಂಡಾ ಇರಲಿಲ್ಲ. ಅಂಕಿ ನೋಡಿದ ಮೇಲೆ ಗುಂಪು ಮಾಡುವುದು ಅಪಾಯದ ಆಟ, ಬೇಕಾದ ಗುಂಪು ಯಾವಾಗಲೂ ಸಿಗುತ್ತದೆ. ಆದರೆ ತಾಂಡಾಗಳು ನಮ್ಮ ನಕ್ಷೆಯಲ್ಲಿ ಮೊದಲ ದಿನದಿಂದಲೇ ಇದ್ದವು. ನಾನು ಕೇಳಿರಲಿಲ್ಲ, ಅಷ್ಟೆ.

ಎಲ್ಲ ಊರಿಗೂ ಒಂದೇ 0.2 ಎಂದು ಹಿಡಿದರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಬಹುದು. ಅರ್ಧ ಊರುಗಳಲ್ಲಿ 0.3, ಇನ್ನರ್ಧದಲ್ಲಿ 0.15 ಇರಲಿ. ಮೊದಲನೆಯ ಬಗೆಗೆ ಸರಾಸರಿ 5/0.3, ಸುಮಾರು 16.7 ಬಾಗಿಲು, ಎರಡನೆಯದಕ್ಕೆ 33.3. ಒಟ್ಟು ಸರಾಸರಿ ಅದೇ 25. ಸರಾಸರಿಯನ್ನಷ್ಟೇ ನೋಡುವವರಿಗೆ ಏನೂ ತಿಳಿಯುವುದಿಲ್ಲ. ವೇರಿಯನ್ಸ್‌ನಲ್ಲಿ ಮಾತ್ರ ಎರಡು ಪಾಲು ಬರುತ್ತದೆ. ಊರಿನೊಳಗಿನ ಅದೃಷ್ಟದ ಪಾಲು, 39 ಮತ್ತು 189ರ ಸರಾಸರಿ, 114. ಊರು ಊರುಗಳ ನಡುವಿನ ವ್ಯತ್ಯಾಸದ ಪಾಲು, 8.33ರ ವರ್ಗ, 69. ಕೂಡಿದರೆ 183. ನಮ್ಮ 180 ಬಂದದ್ದು ಇಂಥದೇ ಮಿಶ್ರಣದಿಂದ. ಮೊದಲ ಸಲ ಬಂದ 102ರಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿದ್ದವು: ತಾಂಡಾಗಳು ಹರವನ್ನು ಹಿಗ್ಗಿಸಿದ್ದವು, ನನ್ನ 25ರ ನಿಯಮ ಅದನ್ನು ಕುಗ್ಗಿಸಿತ್ತು.

ಇಷ್ಟಾದ ಮೇಲೆ ಸಂಭವನೀಯತೆಯನ್ನು ಹೊಸದಾಗಿ ಅಂದಾಜು ಮಾಡಬೇಕಾಯಿತು. ಇಲ್ಲೂ ಒಂದು ಹಳ್ಳವಿದೆ. ಐದನೇ ಮನೆ ಸಿಕ್ಕಾಗಲೇ ನಿಲ್ಲಿಸುವುದರಿಂದ ಐದನ್ನು ಬಾಗಿಲುಗಳ ಸಂಖ್ಯೆಯಿಂದ ಭಾಗಿಸಿದರೆ ಉತ್ತರ ಮೇಲಕ್ಕೆ ವಾಲುತ್ತದೆ. ನಿಜವಾದದ್ದು 0.2 ಇದ್ದರೆ ಈ ಭಾಗಲಬ್ಧದ ಸರಾಸರಿ 0.236. ಯಾವಾಗಲೂ ಗೆಲುವಿನ ಕ್ಷಣದಲ್ಲೇ ಲೆಕ್ಕ ನಿಲ್ಲಿಸಿದರೆ ಗೆಲುವು ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಜೆ. ಬಿ. ಎಸ್. ಹಾಲ್ಡೇನ್ 1945ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಇದಕ್ಕೆ ಪರಿಹಾರ ಬರೆದರು. ಮುಂದೆ 1957ರಲ್ಲಿ ಭಾರತಕ್ಕೇ ಬಂದು ನೆಲೆಸಿದ ವಿಜ್ಞಾನಿ ಅವರು. ಮೇಲಿನಿಂದ ಒಂದು, ಕೆಳಗಿನಿಂದ ಒಂದು ಕಳೆಯಬೇಕು: 4/(N - 1). ಕೊನೆಯ ಬಾಗಿಲು ಗೆಲುವೇ ಆಗಿರಬೇಕು ಎಂದು ನಾವೇ ನಿಯಮ ಮಾಡಿದ್ದರಿಂದ ಅದರಲ್ಲಿ ಹೊಸ ಸುದ್ದಿ ಇಲ್ಲ, ಅದನ್ನು ಬಿಟ್ಟು ಎಣಿಸುವುದು. ಒಂದೇ ಸಂಭವನೀಯತೆ ಇರುವ ಊರುಗಳನ್ನು ಕೂಡಿಸಿಯೂ ಇದನ್ನು ಬಳಸಬಹುದು. ತಾಂಡಾ ಇರುವ ನಾಲ್ಕು ಊರು: 61 ಬಾಗಿಲಲ್ಲಿ 20 ಮನೆ, ಆದ್ದರಿಂದ 19/60, ಸುಮಾರು 0.32. ಉಳಿದ ಆರು: 232ರಲ್ಲಿ 30, ಆದ್ದರಿಂದ 29/231, ಸುಮಾರು 0.125.

ಎರಡನೇ ಸುತ್ತಿಗೆ ಬಜೆಟ್ ಹಾಕುವಾಗ ಎರಡು ಮಿತಿಗಳನ್ನಿಟ್ಟೆ: ತಾಂಡಾ ಇರುವ ಊರಿಗೆ 27 ಬಾಗಿಲು, ಇಲ್ಲದ ಊರಿಗೆ 71. ನೂರಕ್ಕೆ ತೊಂಬತ್ತೈದು ಊರುಗಳು ಅಷ್ಟರೊಳಗೆ ಮುಗಿಯುತ್ತವೆ. 71 ಕೇಳಿ ಮೇಲಿನವರು ಹುಬ್ಬೇರಿಸಿದರು. ಸರಾಸರಿ 40 ಎಂದೂ, ಆಚೀಚೆ 17 ಎಂದೂ, ಹಣ ಸರಾಸರಿಗೆ ಸಾಕು ಆದರೆ ಸಮಯ ಮಿತಿಯವರೆಗೂ ಬೇಕು ಎಂದೂ ವಿವರಿಸಿದ ಮೇಲೆ ಒಪ್ಪಿದರು. ಸಮೀಕ್ಷಕರಿಗೆ ಹಣ ಈಗ ಊರಿನ ಲೆಕ್ಕದಲ್ಲಿಲ್ಲ, ತಟ್ಟಿದ ಬಾಗಿಲಿನ ಲೆಕ್ಕದಲ್ಲಿದೆ. ಮಿತಿ ಮುಟ್ಟಿದರೂ ಐದು ಸಿಗದಿದ್ದರೆ ಕಾರಣ ಬರೆಯಬೇಕಿಲ್ಲ, ಸಿಕ್ಕಷ್ಟನ್ನೇ ಬರೆಯಬೇಕು. ಅಂಥ ಊರಿಗೆ ಒಂದು ಕಳೆಯುವ ಲೆಕ್ಕವೂ ಬೇಡ, ಏಕೆಂದರೆ ಅಲ್ಲಿ ನಿಲ್ಲಿಸಿದ್ದು ಗೆಲುವಲ್ಲ, ಮಿತಿ. ಮೂರೇ ಸಿಕ್ಕಿದ್ದರೆ ನೇರವಾಗಿ 3/71.