ಇಪ್ಪತ್ತೆಂಟು ಡಿಗ್ರಿ ಯಾರಿಗೆ?

ಡಿಸೆಂಬರ್ ಬಂತು ಅಂದ್ರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಪಾರ್ಕಿಂಗ್ ಜಗಳ ಹಿಂದೆ ಸರಿದು ಪೂಲ್ ಜಗಳ ಮುಂದೆ ಬರುತ್ತೆ. "ನೀರು ಐಸ್ ಇದ್ದ ಹಾಗಿದೆ, ಮಗು ನಡುಗ್ತಾ ಮನೆಗೆ ಬಂದಳು" ಅಂತ ಒಬ್ಬ ಅಮ್ಮ ಬರೀತಾರೆ. "ತಣ್ಣಗೆಲ್ಲಿದೆ? ನಾಲ್ಕು ಲ್ಯಾಪ್ ಹೊಡೀರಿ, ಸರಿಹೋಗುತ್ತೆ" ಅನ್ನೋದು ಟ್ರಯಥ್ಲಾನ್‌ಗೆ ತಯಾರಾಗ್ತಿರೋ ಹುಡುಗನ ಉತ್ತರ. ಸಂಜೆ ಎದೆಮಟ್ಟದ ನೀರಿನಲ್ಲಿ ನಿಂತು ಹರಟೆ ಹೊಡೆಯೋ ಎರಡನೇ ಮಹಡಿಯ ಅಂಕಲ್‌ದು ಒಂದೇ ಸಾಲು: "ಹೀಟರ್ ಹಾಕ್ಸಿ, 28 ಡಿಗ್ರಿ ಇಡಿ, ಮುಗೀತು."

ಬೆಳಿಗ್ಗೆ ಈಜುವವನು ಅನ್ನೋ ಒಂದೇ ಅರ್ಹತೆಯ ಮೇಲೆ ನನ್ನನ್ನು ಪೂಲ್ ಕಮಿಟಿಗೆ ಹಾಕಿದ್ದರು. ಆ ಮೂವರೂ ನಿಜವನ್ನೇ ಹೇಳ್ತಿದ್ದಾರೆ ಅಂತ ಅರ್ಥವಾಗಿದ್ದು ಅಲ್ಲಿಂದಲೇ.

28 ಡಿಗ್ರಿ ಗಾಳಿಯಲ್ಲಿ ನಾವು ಫ್ಯಾನ್ ಹಾಕಿಕೊಳ್ಳುತ್ತೇವೆ. 28 ಡಿಗ್ರಿ ನೀರಿನಲ್ಲಿ ಸುಮ್ಮನೆ ನಿಂತರೆ ಅರ್ಧ ಗಂಟೆಯಲ್ಲಿ ಚಳಿ ಹಿಡಿಯುತ್ತೆ. ಕಾರಣ, ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಶಾಖವನ್ನು ಸಾಗಿಸುತ್ತದೆ. ಅಲುಗಾಡದೆ ಇರುವ ಮನುಷ್ಯನಿಗೆ ಚಳಿಯೂ ಆಗದೆ, ಸೆಕೆಯೂ ಆಗದೆ ಇರಬೇಕಾದರೆ ನೀರು ಹತ್ತಿರಹತ್ತಿರ 33ರಿಂದ 35 ಡಿಗ್ರಿ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಕೊರತೆಯನ್ನು ನಮ್ಮ ಸ್ನಾಯುಗಳೇ ತುಂಬಬೇಕು. ಅಂದ್ರೆ ಪೂಲ್ ಎಷ್ಟು ಬೆಚ್ಚಗಿರಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಗೋದು ಅದರೊಳಗೆ ಇರುವವರು ಏನು ಮಾಡ್ತಿದ್ದಾರೆ ಅನ್ನೋದನ್ನು ನೋಡಿದಾಗ.

ಒಂದೇ ಸಮ ಈಜುವವನ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚಿನ ಪಾಲು ಶಾಖವಾಗಿಯೇ ಹೊರಬರುತ್ತೆ. ಅವನಿಗೆ ಆ ಶಾಖ ತೆಗೆದುಕೊಂಡು ಹೋಗುವ ನೀರು ಬೇಕು. ಅದಕ್ಕೇ ವರ್ಲ್ಡ್ ಅಕ್ವಾಟಿಕ್ಸ್ ಸ್ಪರ್ಧೆಯ ಪೂಲ್‌ಗೆ 25ರಿಂದ 28 ಡಿಗ್ರಿ ಅಂತ ನಿಗದಿ ಮಾಡಿದೆ. ಮೆಲ್ಲಗೆ ಈಜಿ ನಡುನಡುವೆ ನಿಲ್ಲುವ ಅಂಕಲ್‌ಗೆ 28, 29 ಹಿತ. ಕಲಿಯುವ ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ 30ರಿಂದ 32 ಬೇಕು. ಮೈಯ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರ ದೊಡ್ಡವರಿಗಿಂತ ಜಾಸ್ತಿ. ಬಿಸಿ ಹೊರಹೋಗುವ ಬಾಗಿಲು ದೊಡ್ಡದು, ಒಳಗಿನ ಒಲೆ ಚಿಕ್ಕದು. ಸಾಲದ್ದಕ್ಕೆ ಅವರು ಕ್ಲಾಸಿನ ಹೆಚ್ಚು ಹೊತ್ತು ಈಜುತ್ತಾ ಇರುವುದಿಲ್ಲ. ತಮ್ಮ ಸರದಿಗಾಗಿ ಕಂಬಿ ಹಿಡಿದು ಕಾಯುತ್ತಾ ಇರುತ್ತಾರೆ.

ಇದನ್ನು ನಾನು ಕಣ್ಣಾರೆ ನೋಡಿದ್ದು ನಮ್ಮಕ್ಕನ ಮಗಳಲ್ಲಿ. ಐದು ವರ್ಷ. ಬೆಳಿಗ್ಗೆ ಏಳರ ಕ್ಲಾಸು, 45 ನಿಮಿಷ, ಎಂಟು ಮಕ್ಕಳು. ಮೊದಲ 15 ನಿಮಿಷ ಕಾಲು ಬಡಿಯುತ್ತಾ ನಗುತ್ತಿದ್ದಳು. ಆಮೇಲೆ ಭುಜ ಕಿವಿಗೆ ಏರಿತು, ಕೈಗಳು ಎದೆಗೆ ಕಟ್ಟಿಕೊಂಡವು, ತುಟಿ ನೀಲಿಯಾಯಿತು. ಸರ್ "ಮುಖ ಮುಳುಗಿಸು, ಗುಳ್ಳೆ ಬಿಡು" ಅಂದರೆ ತಲೆ ಅಲ್ಲಾಡಿಸಿದಳು. ಸುತ್ತ ಕೂತ ಅಪ್ಪ ಅಮ್ಮಂದಿರಿಗೆ ಅದು ಹೆದರಿಕೆ ಅಥವಾ ಹಟ ಅನ್ನಿಸಿತು. ಆದರೆ ಚಳಿಯಲ್ಲಿ ಉಸಿರು ಚಿಕ್ಕದಾಗಿ, ಬೇಗಬೇಗ ಬರುತ್ತೆ. ಹಾಗಿರುವಾಗ ಗುಳ್ಳೆ ಬಿಡುವುದಕ್ಕೆ ಉದ್ದನೆಯ ಉಸಿರು ಎಲ್ಲಿಂದ ಬರಬೇಕು? ಬಿಗಿದುಕೊಂಡ ಮೈ ತೇಲುವುದೂ ಕಷ್ಟ. ಅವತ್ತು ಮನೆಗೆ ಬಂದು ಹೇಳಿದ್ದು, "ಮಾಮ, ನಂಗೆ ನೀರು ಇಷ್ಟ, ಕಾಯೋದು ಇಷ್ಟ ಇಲ್ಲ."

ಮೊದಲು ಅಳೆಯೋಣ ಅಂತ ದಾರಕ್ಕೆ ಥರ್ಮಾಮೀಟರ್ ಕಟ್ಟಿ, ನೀರು ಒಳಬರುವ ಕಿಂಡಿಯಿಂದ ದೂರದಲ್ಲಿ, ಒಂದಡಿ ಆಳಕ್ಕೆ ಬಿಟ್ಟೆ. ಮೇಲ್ಮೈಯ ನೀರು ಬಿಸಿಲಿಗೆ ಬೆಚ್ಚಗಿದ್ದು ದಾರಿ ತಪ್ಪಿಸುತ್ತೆ. ಬೆಳಿಗ್ಗೆ ಏಳಕ್ಕೆ 23, ಸಂಜೆ ನಾಲ್ಕಕ್ಕೆ 25. ಒಂದು ವಾರ ನೋಡಿದರೂ ಹೆಚ್ಚುಕಮ್ಮಿ ಇದೇ.

ಆಮೇಲೆ ಹೀಟರ್ ಲೆಕ್ಕ. ನಮ್ಮ ಪೂಲ್ 12.5 ಮೀಟರ್ ಉದ್ದ, 6 ಮೀಟರ್ ಅಗಲ, 1.2 ಮೀಟರ್ ಆಳ. ಅಂದ್ರೆ 90,000 ಲೀಟರ್. ಇಷ್ಟು ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 105 ಯೂನಿಟ್‌ನಷ್ಟು ಶಾಖ ಬೇಕು. 24ರಿಂದ 30ಕ್ಕೆ ತರಲು 630 ಯೂನಿಟ್. ಹೀಟ್ ಪಂಪ್ ಸುತ್ತಲಿನ ಗಾಳಿಯಿಂದ ಶಾಖ ಎಳೆದುಕೊಳ್ಳುವುದರಿಂದ ಅದರ ಸುಮಾರು ಕಾಲು ಭಾಗದಷ್ಟು ಕರೆಂಟಿನಲ್ಲಿ ಕೆಲಸ ಮುಗಿಸುತ್ತೆ. ಒಂದು ಸಲ ಅಷ್ಟು ಖರ್ಚು ಮಾಡುವುದು ದೊಡ್ಡ ಮಾತಲ್ಲ ಅಂತ ಅಂಕಲ್ ಖುಷಿಯಾದರು. ತಕರಾರು ಇರುವುದು "ಒಂದು ಸಲ" ಅನ್ನೋದರಲ್ಲಿ.

ತೆರೆದ ಪೂಲ್ ತನ್ನ ಶಾಖದ ಬಹುಪಾಲು ಕಳೆದುಕೊಳ್ಳುವುದು ಆವಿಯಾಗಿ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಉಪಾಯದಿಂದ. ನಮ್ಮ ಆಳದ ಪೂಲಿನಲ್ಲಿ ಮೇಲಿನಿಂದ ಒಂದು ಮಿಲಿಮೀಟರ್ ನೀರು ಆವಿಯಾದರೆ ಉಳಿದ ಇಡೀ ನೀರು ಹತ್ತಿರಹತ್ತಿರ ಅರ್ಧ ಡಿಗ್ರಿ ತಣಿಯುತ್ತೆ. ಡಿಸೆಂಬರಿನ ಒಣ ಗಾಳಿಗೆ ದಿನಕ್ಕೆ ನಾಲ್ಕು ಮಿಲಿಮೀಟರ್ ಹೋದರೂ ಎರಡು ಡಿಗ್ರಿ ಹೋಯಿತು. ನೀರು ಬೆಚ್ಚಗಿದ್ದಷ್ಟೂ ಆವಿ ಜಾಸ್ತಿ. ಮುಚ್ಚಳ ಇಲ್ಲದೆ ಹೀಟರ್ ಓಡಿಸುವುದು ಪಾತ್ರೆ ಮುಚ್ಚದೆ ಅನ್ನಕ್ಕೆ ಇಟ್ಟ ಹಾಗೆ.

ಹೀಟರಿಗೆ ಮೊದಲು ಬಬಲ್ ಕವರ್ ತರಿಸಿದೆವು. ಪಾರ್ಸೆಲ್ಲಿನಲ್ಲಿ ಬರುವ ಗುಳ್ಳೆ ಹಾಳೆಯ ದಪ್ಪನೆಯ ಅಣ್ಣ ಅನ್ನಿ. ಸಂಜೆ ಪೂಲ್ ಮುಚ್ಚಿದ ಮೇಲೆ ಹಾಸುವುದು, ಬೆಳಿಗ್ಗೆ ಸುತ್ತಿಡುವುದು. ಒಂದೇ ಕಟ್ಟುನಿಟ್ಟು: ಅರ್ಧ ತೆಗೆದ ಕವರ್ ಇರುವಾಗ ಯಾರೂ ನೀರಿಗೆ ಇಳಿಯಬಾರದು. ಅದರಡಿ ಸಿಕ್ಕ ಮಗು ಹೊರಗಿನವರಿಗೆ ಕಾಣುವುದಿಲ್ಲ. ಎರಡು ವಾರದಲ್ಲಿ ಬೆಳಗಿನ ಲೆಕ್ಕ 25 ದಾಟಿತು, ನಾಲ್ಕು ಗಂಟೆಯದು 27 ಮುಟ್ಟಿತು.

27 ಮಕ್ಕಳಿಗೆ ಇನ್ನೂ ಕಡಿಮೆಯೇ. ಉಳಿದ ಮೂರು ಡಿಗ್ರಿಯನ್ನು ಸರ್ ಬೇರೆ ಕಡೆಯಿಂದ ತಂದರು. ಕ್ಲಾಸು ಬೆಳಿಗ್ಗೆಯಿಂದ ಸಂಜೆ ನಾಲ್ಕಕ್ಕೆ ಬಂತು. 45 ನಿಮಿಷ 30 ಆಯಿತು. ಎಂಟು ಮಕ್ಕಳು ನಾಲ್ಕು ನಾಲ್ಕಾಗಿ ಎರಡು ತಂಡ ಆದರು, ಕಾಯುವ ಹೊತ್ತು ಅರ್ಧವಾಯಿತು. ಐದಾರು ವರ್ಷದವರಿಗೆ ತೆಳು ರಬ್ಬರಿನ ಈಜು ಅಂಗಿ. ವಿರಾಮದಲ್ಲಿ ಒದ್ದೆ ಮೈಯಲ್ಲಿ ಗಾಳಿಗೆ ಕೂರುವುದಿಲ್ಲ, ಟವೆಲ್ ಸುತ್ತಿಕೊಂಡು ಬಿಸಿಲಿಗೆ. ತುಟಿ ನೀಲಿಯಾದವರು ಅವತ್ತಿಗೆ ಮೇಲೆ, ವಾದ ಇಲ್ಲ. ಮೂರನೇ ಕ್ಲಾಸಿಗೆ ನಮ್ಮ ಹುಡುಗಿ ಗುಳ್ಳೆ ಬಿಟ್ಟಳು.

ಹೀಟ್ ಪಂಪ್ ಬಗ್ಗೆ ಚರ್ಚೆ ಇನ್ನೂ ನಡೀತಿದೆ. ತಂದರೂ 30ಕ್ಕೆ ಇಡುವುದು ಬೇಡ ಅನ್ನೋದು ನನ್ನ ಮತ. ನೀರು ಬಿಸಿಯಾದಷ್ಟೂ ಕ್ಲೋರಿನ್ ಬೇಗ ಖರ್ಚಾಗುತ್ತೆ, ದಿನಕ್ಕೆ ಎರಡು ಸಲ ಪರೀಕ್ಷೆ ಮಾಡಬೇಕಾಗುತ್ತೆ. ಜೊತೆಗೆ ಟ್ರಯಥ್ಲಾನ್ ಹುಡುಗನ ಗತಿ ಏನು? ಏಪ್ರಿಲ್‌ನಲ್ಲಿ ಹೀಟರ್ ಇಲ್ಲದೆಯೇ ನೀರು 30 ಮುಟ್ಟಿತು. ಮಕ್ಕಳು ಹಬ್ಬ ಮಾಡಿದರು, ಅವನು ಕೆಂಪು ಮುಖ ಹೊತ್ತು ದಡದಲ್ಲಿ ಕೂತಿದ್ದ. ಅದೇ ವೇಗಕ್ಕೆ ಎದೆಬಡಿತ ಜಾಸ್ತಿ, ಜೊತೆಗೆ ತಲೆನೋವು. ನೀರಿನಲ್ಲೂ ಬೆವರುತ್ತೇವೆ, ಗೊತ್ತಾಗುವುದಿಲ್ಲ ಅಷ್ಟೇ. ಬೆವರಿದರೂ ಆರುವುದಿಲ್ಲವಾದ್ದರಿಂದ ಅದು ತಂಪು ಮಾಡುವುದೂ ಇಲ್ಲ. 2010ರಲ್ಲಿ ಅಮೆರಿಕದ ಈಜುಗಾರ ಫ್ರಾನ್ ಕ್ರಿಪ್ಪೆನ್ ಯುಎಇಯ ಫುಜೈರಾದಲ್ಲಿ, ಬಿಸಿ ಸಮುದ್ರದಲ್ಲಿ ನಡೆದ 10 ಕಿಲೋಮೀಟರ್ ಸ್ಪರ್ಧೆಯಲ್ಲಿ ತೀರಿಕೊಂಡ. ಈಗ ತೆರೆದ ನೀರಿನ ಸ್ಪರ್ಧೆಗಳಿಗೆ 31 ಡಿಗ್ರಿಯ ಮೇಲ್ಮಿತಿ ಇದೆ.

ಹಾಗಾಗಿ ಬೇಸಿಗೆಯಲ್ಲಿ ಅವನ ಸೆಟ್‌ಗಳು ಚಿಕ್ಕದಾಗಿ, ಬೆಳಿಗ್ಗೆ ಆರಕ್ಕೆ ಬಂದಿವೆ. ದಡದಲ್ಲಿ ನೀರಿನ ಬಾಟಲಿ ಕಡ್ಡಾಯ. ಕವರ್ ಮಾರ್ಚ್ ಕೊನೆಗೇ ಸ್ಟೋರ್ ರೂಮ್ ಸೇರುತ್ತೆ, ಯಾಕಂದ್ರೆ ಚಳಿಗಾಲದಲ್ಲಿ ನಾವು ತಡೆದ ಅದೇ ಆವಿ ಆಗ ಇಡೀ ರಾತ್ರಿ ಅವನಿಗಾಗಿ ನೀರು ತಣಿಸುತ್ತಿರುತ್ತೆ.